‘ಶಾಶ್ವತ ಪರಿಹಾರ’ದಿಂದ ‘ಚಾಕು ಪರೀಕ್ಷೆ’ಗೆ: ಅಡಿಕೆ ತೋಟದ ಒಂದು ವಿಡಿಯೋ, ನಾಲ್ಕು ಶೀರ್ಷಿಕೆ

ಇದು ಮಲೆನಾಡಿನ ಒಂದು ಪುಟ್ಟ ಯೂಟ್ಯೂಬ್ ಚಾನೆಲ್ಲಿನ ಕತೆ. ಊರು, ಚಾನೆಲ್ಲಿನ ಹೆಸರು, ಮನೆತನ ಯಾವುದನ್ನೂ ಹೇಳುವುದಿಲ್ಲ. ಅಂಕಿಗಳನ್ನು ಗುರುತು ಸಿಗದಷ್ಟು ಸುತ್ತಾಗಿಸಿದ್ದೇನೆ, ದಾರಿ ತಪ್ಪಿಸುವಷ್ಟು ಬದಲಿಸಿಲ್ಲ. ವಿಡಿಯೋ ಎಡಿಟಿಂಗ್ ಮಾಡಿಕೊಡುವುದು ನನ್ನ ಕಸುಬು. ಹೆಚ್ಚಿನವರು ಕಟ್ಟಿಂಗ್, ಮ್ಯೂಸಿಕ್ ಅಂತ ಬರುತ್ತಾರೆ. ಇವರು ಮಾತ್ರ, ವಿಡಿಯೋ ಚೆನ್ನಾಗಿಯೇ ಇದೆ, ಆದರೆ ಜನ ಬೈಯುತ್ತಿದ್ದಾರೆ ಎಂದು ಬಂದರು.

ವಿಡಿಯೋದಲ್ಲಿ ಏನಿತ್ತು

ಚಾನೆಲ್ಲಿಗೆ ಇಬ್ಬರು. ತೋಟದ ಯಜಮಾನರು, ಅರವತ್ತು ದಾಟಿದವರು, ಕ್ಯಾಮೆರಾ ಮುಂದೆ ಮಾತಾಡುತ್ತಾರೆ. ಅವರ ಅಕ್ಕನ ಮಗ, ಡಿಗ್ರಿ ಓದುತ್ತಿರುವ ಹುಡುಗ, ಫೋನಿನಲ್ಲಿ ಶೂಟ್ ಮಾಡಿ ಅಪ್‌ಲೋಡ್ ಮಾಡುತ್ತಾನೆ. ಮಾವ ಹೇಳಿದ್ದು ಒಂದಾದರೆ ಅಳಿಯ ಬರೆದದ್ದು ಇನ್ನೊಂದು. ಇಡೀ ಪ್ರಕರಣದ ಬೇರು ಅದೇ.

ವಿಡಿಯೋ 11 ನಿಮಿಷ 40 ಸೆಕೆಂಡಿನದು. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣವನ್ನು ತಯಾರಿಸುವುದು ಹೇಗೆ ಎಂಬುದಷ್ಟೇ ಅದರ ವಿಷಯ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸುತ್ತಾರೆ. ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕಲಸಿ ಸೋಸುತ್ತಾರೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ತಿರುವುತ್ತಾರೆ. ಕೊನೆಗೆ ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಚಾಕುವಿನ ಮೇಲೆ ಕೆಂಪು ಕೂತರೆ ತಾಮ್ರ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಯಜಮಾನರು ಇದನ್ನು ಅಷ್ಟು ಸಾವಧಾನವಾಗಿ, ಅಷ್ಟು ಹತ್ತಿರದಿಂದ ತೋರಿಸುತ್ತಾರೆಂದರೆ ತೋಟವೇ ಇಲ್ಲದ ನನಗೂ ಅರ್ಥವಾಯಿತು.

ಈಗ ಅಳಿಯ ಕೊಟ್ಟ ಶೀರ್ಷಿಕೆ ನೋಡಿ:

> ಕೊಳೆ ರೋಗಕ್ಕೆ ಶಾಶ್ವತ ಪರಿಹಾರ!! ಈ ಒಂದು ಔಷಧಿ ಸಾಕು 😱 100% ರಿಸಲ್ಟ್

ವಿವರಣೆಯ ಜಾಗದಲ್ಲಿ ‘ಲೈಕ್ ಮಾಡಿ ಶೇರ್ ಮಾಡಿ’ ಎಂಬ ಎರಡು ಸಾಲು. ಅದರ ಕೆಳಗೆ ಕೃಷಿ, ರೈತ, ಅಡಿಕೆ ರೇಟ್, ಕಾಳುಮೆಣಸು, ಹಳದಿ ಎಲೆ ರೋಗ, ಡ್ರೋನ್, ಸಬ್ಸಿಡಿ ಅಂತ ಅಲ್ಪವಿರಾಮ ಹಾಕಿ ಹಾಕಿ ತುಂಬಿದ ಐವತ್ತು ಅರವತ್ತು ಪದ. ಬೇರೊಂದು ದೊಡ್ಡ ಚಾನೆಲ್ಲಿನಿಂದ ಕಾಪಿ ಮಾಡಿದ್ದಂತೆ. ಹೀಗೆ ವಿವರಣೆಯಲ್ಲಿ ಟ್ಯಾಗ್‌ಗಳ ರಾಶಿ ಸುರಿಯುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ, ವಿಡಿಯೋ ತೆಗೆದುಹಾಕಲೂ ಅದು ಕಾರಣವಾಗಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ದೂರು ಶುರುವಾದದ್ದು

ಮೇ ಮೊದಲ ವಾರದಲ್ಲಿ ಹಾಕಿದ ವಿಡಿಯೋ ಹತ್ತೇ ದಿನದಲ್ಲಿ ಅವರ ಉಳಿದೆಲ್ಲ ವಿಡಿಯೋಗಳನ್ನು ಮೀರಿಸಿತು. ಅಳಿಯನಿಗೆ ಖುಷಿಯೋ ಖುಷಿ. ಆಮೇಲೆ ಕಾಮೆಂಟುಗಳು ಬಂದವು. ‘ಇದು ನಮ್ಮಜ್ಜನ ಕಾಲದ ಮೈಲುತುತ್ತ ಸುಣ್ಣ, ಶಾಶ್ವತ ಪರಿಹಾರ ಎಲ್ಲಿದೆ?’ ಎಂದು ಒಬ್ಬರು. ‘ಎಲೆಚುಕ್ಕೆಗೆ ಏನು ಮಾಡಬೇಕು ಹೇಳಲೇ ಇಲ್ಲ’ ಎಂದು ಇನ್ನೊಬ್ಬರು. ಇಷ್ಟಾದರೆ ಸಹಿಸಬಹುದಿತ್ತು. ಒಬ್ಬರು ನೇರವಾಗಿ ಯಜಮಾನರಿಗೇ ಫೋನ್ ಮಾಡಿ, ಒಂದು ಸಲ ಹೊಡೆದರೆ ಮತ್ತೆ ಹೊಡೆಯುವುದು ಬೇಡ ತಾನೆ ಎಂದು ಕೇಳಿದರಂತೆ. ‘ಶಾಶ್ವತ’ ಎಂದರೆ ಅವರು ಹಾಗೇ ಅರ್ಥ ಮಾಡಿಕೊಂಡಿದ್ದರು, ತಪ್ಪು ಅವರದಲ್ಲ. ಬೋರ್ಡೋ ಹಾಗೆ ಕೆಲಸ ಮಾಡುವುದಿಲ್ಲ. ಅದು ಗೊನೆಯ ಮೇಲೆ ಕೂತು ರೋಗ ಒಳಗೆ ಹೋಗದಂತೆ ತಡೆಯುವ ಲೇಪ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು.

‘ನಾನು ವಿಡಿಯೋದಲ್ಲಿ ಶಾಶ್ವತ ಅಂತ ಎಲ್ಲಿ ಹೇಳಿದೀನಿ ಮಾರಾಯ? ನನ್ನ ಬಾಯಲ್ಲಿ ಬರದ ಮಾತು ನನ್ನ ತಲೆ ಮೇಲೆ ಬರೆದಿಟ್ಟಿದಾನೆ’ ಎಂದರು ಯಜಮಾನರು. ಅಳಿಯ ಪಕ್ಕದಲ್ಲೇ ಕೂತಿದ್ದ. ‘ಮಾವ, ಹಂಗೆ ಬರೀದಿದ್ರೆ ಯಾರೂ ಕ್ಲಿಕ್ ಮಾಡಲ್ಲ’ ಎಂದ.

ಹುಡುಗನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಸ್ಟುಡಿಯೋ ಆ್ಯಪ್‌ನಲ್ಲಿ ಅನಲಿಟಿಕ್ಸ್ ತೆರೆದು ನೋಡಿದೆವು. ಥಂಬ್‌ನೇಲ್ ಕಣ್ಣಿಗೆ ಬಿದ್ದ ನೂರು ಸಲದಲ್ಲಿ ಸುಮಾರು ಒಂಬತ್ತು ಸಲ ಜನ ಒತ್ತಿದ್ದರು. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳಲ್ಲಿ ಈ ಪ್ರಮಾಣ ಎರಡರಿಂದ ಹತ್ತರ ನಡುವೆ ಇರುತ್ತದೆಂದು ಯೂಟ್ಯೂಬೇ ಹೇಳುತ್ತದೆ. ಆ ಲೆಕ್ಕಕ್ಕೆ ಒಂಬತ್ತು ಒಳ್ಳೆಯದೇ. ಆದರೆ ಪಕ್ಕದ ಟ್ಯಾಬಿನಲ್ಲಿ ಇನ್ನೊಂದು ಅಂಕಿ ಇರುತ್ತದೆ. ಮೊದಲ ಮೂವತ್ತು ಸೆಕೆಂಡ್ ದಾಟಿ ಎಷ್ಟು ಜನ ಉಳಿದರು ಎಂಬುದು. ಶೀರ್ಷಿಕೆ ಮತ್ತು ಥಂಬ್‌ನೇಲ್ ನೋಡಿ ಬಂದವರಿಗೆ ಬಯಸಿದ್ದು ಸಿಕ್ಕಿತೇ ಎಂಬುದಕ್ಕೆ ನಾನು ನಂಬುವ ಅಂಕಿ ಅದು. ಇಲ್ಲಿ ಅದು ಶೇಕಡಾ 38. ನೂರರಲ್ಲಿ ಅರವತ್ತೆರಡು ಮಂದಿ ಅರ್ಧ ನಿಮಿಷದೊಳಗೆ ಎದ್ದು ಹೋಗಿದ್ದರು.

ಇದನ್ನು ಕಂಡ ಕೂಡಲೇ ‘ವಿಡಿಯೋ ಬೋರಾಗಿದೆ’ ಎನ್ನುವುದು ಸುಲಭ. ಅದಕ್ಕೇ ಇನ್ನೊಂದು ಹೆಜ್ಜೆ ಹೋಗಿ, ಜನ ಎಲ್ಲಿಂದ ಬಂದರು ಎಂಬುದರ ಪ್ರಕಾರ ನೋಡುವ ಸಮಯವನ್ನು ಬಿಡಿಸಿ ನೋಡಿದೆವು. ಹೋಮ್ ಪೇಜಿನಲ್ಲಿ ಎದುರಾಗಿ ಒತ್ತಿದವರು ಸರಾಸರಿ ಒಂದೂಮುಕ್ಕಾಲು ನಿಮಿಷ ನೋಡಿದ್ದರು. ಹುಡುಕಿಕೊಂಡು ಬಂದವರು ನಾಲ್ಕೂವರೆ ನಿಮಿಷ. ವಿಡಿಯೋ ಒಂದೇ, ಶೀರ್ಷಿಕೆ ಒಂದೇ, ನೋಡಿದ ಸಮಯ ಮಾತ್ರ ಎರಡೂವರೆ ಪಟ್ಟು. ಅಂದರೆ ಬೇಕಾದವರಿಗೆ ಈ ವಿಡಿಯೋ ಬೇಕಾಗಿಯೇ ಇದೆ. ಶೀರ್ಷಿಕೆ ಬೇಡದವರನ್ನು ಕರೆತರುತ್ತಿದೆ. ಬಂದವರು ಬೇಗ ಎದ್ದು ಹೋದಂತೆ ಯೂಟ್ಯೂಬ್ ಆ ವಿಡಿಯೋವನ್ನು ಮುಂದಿನವರಿಗೆ ತೋರಿಸುವುದನ್ನೂ ಕಡಿಮೆ ಮಾಡುತ್ತದೆ. 2012ರಲ್ಲಿಯೇ ಅವರು ಬರೀ ಕ್ಲಿಕ್ ಎಣಿಸುವುದನ್ನು ಬಿಟ್ಟು ನೋಡಿದ ಸಮಯಕ್ಕೆ ತೂಕ ಕೊಡಲು ಶುರುಮಾಡಿದ್ದು ಇಂಥ ಶೀರ್ಷಿಕೆಗಳ ಕಾಟಕ್ಕೇ. ಹದಿನೈದನೇ ದಿನದಿಂದ ಹೋಮ್ ಪೇಜಿನ ಗೆರೆ ಇಳಿಯುತ್ತ ಬಂದದ್ದು ಗ್ರಾಫಿನಲ್ಲಿ ಕಾಣುತ್ತಿತ್ತು.

ಮೊದಲ ತಿದ್ದುಪಡಿ, ನನ್ನದೇ ತಪ್ಪು

ಶೀರ್ಷಿಕೆ ಬದಲಿಸಿದರೆ ಲಿಂಕ್ ಬದಲಾಗುವುದಿಲ್ಲ, ವೀಕ್ಷಣೆಯ ಎಣಿಕೆ ಹೋಗುವುದಿಲ್ಲ, ಕಾಮೆಂಟುಗಳೂ ಹಾಗೇ ಇರುತ್ತವೆ. ಡಿಲೀಟ್ ಮಾಡಿ ಮತ್ತೆ ಹಾಕೋಣ ಎನ್ನುತ್ತಿದ್ದ ಅಳಿಯನಿಗೆ ಇದನ್ನು ಹೇಳಿ, ಅಲ್ಲೇ ಕೂತು ಹೊಸ ಶೀರ್ಷಿಕೆ ಬರೆದೆ:

> ಶೇಕಡಾ ಒಂದರ ಬೋರ್ಡೋ ದ್ರಾವಣ ತಯಾರಿಸುವ ವೈಜ್ಞಾನಿಕ ವಿಧಾನ

ಒಂದು ಅಕ್ಷರವೂ ಸುಳ್ಳಲ್ಲ. ಯಜಮಾನರು ತಲೆಯಾಡಿಸಿದರು. ಅಳಿಯ ಮಾತ್ರ ಮುಖ ಸಿಂಡರಿಸಿದ. ಒಂಬತ್ತು ದಿನದ ನಂತರ ನೋಡಿದರೆ ಹುಡುಗನ ಮುಖವೇ ಸರಿ. ಮೂವತ್ತು ಸೆಕೆಂಡಿನ ಅಂಕಿ ಶೇಕಡಾ 60 ದಾಟಿತ್ತು, ಒತ್ತುವವರು ನೂರಕ್ಕೆ ಮೂವರಿಗಿಂತ ಕಡಿಮೆಯಾಗಿದ್ದರು. ಹುಡುಕಿ ಬರುವವರೂ ಹೆಚ್ಚಲಿಲ್ಲ. ಮೇ ಕೊನೆಯ ವಾರ, ಇಡೀ ಮಲೆನಾಡೇ ಔಷಧಿ ಹೊಡೆಯಲು ಆಳು ಹುಡುಕುವ ಹೊತ್ತು. ಆಗ ಹೆಚ್ಚದಿದ್ದರೆ ಇನ್ಯಾವಾಗ?

ನಾನು ಎಡವಿದ್ದು ಎಲ್ಲಿ ಎಂದರೆ, ಕೃಷಿ ಇಲಾಖೆಯ ಕರಪತ್ರದ ಕನ್ನಡದಲ್ಲಿ ಬರೆದಿದ್ದೆ. ತೋಟದಲ್ಲಿ ನಿಂತು ಫೋನ್ ಹಿಡಿದವನು ‘ವೈಜ್ಞಾನಿಕ ವಿಧಾನ’ ಎಂದು ಟೈಪ್ ಮಾಡುವುದಿಲ್ಲ. ಮೇಲಾಗಿ ನನ್ನ ಶೀರ್ಷಿಕೆಯಲ್ಲಿ ‘ಅಡಿಕೆ’ ಎಂಬ ಪದವೇ ಇರಲಿಲ್ಲ, ‘ಕೊಳೆ’ ಎಂಬುದೂ ಇರಲಿಲ್ಲ. ದ್ರಾಕ್ಷಿಯವರೋ ಮೆಣಸಿನವರೋ ಯಾರಿಗೆಂದು ತಿಳಿಯಬೇಕು? ಸುಳ್ಳು ಹೇಳದಿರುವುದೊಂದು ಕೆಲಸ, ಬೇಕಾದವನಿಗೆ ‘ಇದು ನಿನಗೇ’ ಎಂದು ತಿಳಿಸುವುದು ಬೇರೆಯೇ ಕೆಲಸ. ನಾನು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಎಂದುಕೊಂಡಿದ್ದೆ.

ಜನ ಆಡುವ ಮಾತು ಹುಡುಕಿದ್ದು

ಈ ಸಲ ಬರೆಯುವ ಮೊದಲು ಓದಲು ಕೂತೆವು. ಮೂರು ಕಡೆ ನೋಡಿದೆವು.

ಒಂದು, ಅನಲಿಟಿಕ್ಸ್‌ನಲ್ಲಿ ರೀಚ್ ಕೆಳಗೆ ಸಿಗುವ ಹುಡುಕಾಟದ ಪದಗಳ ಪಟ್ಟಿ. ಈ ವಿಡಿಯೋಗೆ ಜನ ಏನೆಂದು ಟೈಪ್ ಮಾಡಿ ಬಂದರು ಎಂಬುದು ಅಲ್ಲಿರುತ್ತದೆ. ನಮ್ಮ ಪಟ್ಟಿಯಲ್ಲಿ ಮೇಲಿದ್ದವು ಹೀಗಿದ್ದವು:

```
adike kole roga oushadhi
bordo mixture kannada
ಮೈಲುತುತ್ತ ಸುಣ್ಣ
adike ele chukki roga
```

ನಾಲ್ಕರಲ್ಲಿ ಮೂರು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹುಡುಕಾಟ. ‘ಬೋರ್ಡೋ’ದ ಫ್ರೆಂಚ್ ಸ್ಪೆಲಿಂಗ್ ಯಾರಿಗೂ ಬೇಡ, ಕೇಳಿದ ಹಾಗೆ ಬರೆದಿದ್ದಾರೆ.

ಎರಡು, ಕಾಮೆಂಟುಗಳು. ಬೈಗುಳವನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಹೆಚ್ಚಿನವರು ಕೇಳಿದ್ದು ಅಳತೆ. ‘ಸುಣ್ಣ ಎಷ್ಟು?’, ‘200 ಲೀಟರ್ ಡ್ರಮ್ಮಿಗೆ ಎಷ್ಟು?’ ತೋಟಗಳಲ್ಲಿರುವುದು ಇನ್ನೂರು ಲೀಟರಿನ ನೀಲಿ ಡ್ರಮ್ಮು. ಯಜಮಾನರು ತೋರಿಸಿದ್ದು ನೂರು ಲೀಟರಿಗೆ. ಇನ್ನೂರರ ಲೆಕ್ಕವನ್ನು ಒಂಬತ್ತನೇ ನಿಮಿಷದ ಹೊತ್ತಿಗೆ ಬಾಯಲ್ಲಿ ಹೇಳಿದ್ದರು, ಅಲ್ಲಿಯವರೆಗೆ ಹೆಚ್ಚಿನವರು ಉಳಿದೇ ಇರಲಿಲ್ಲ.

ಮೂರನೆಯದು ನಾನು ನಿರೀಕ್ಷಿಸದೇ ಇದ್ದದ್ದು. ಜನ ಎಲ್ಲಿ ನಿಂತರು, ಎಲ್ಲಿ ಹೋದರು ಎಂದು ತೋರಿಸುವ ಗೆರೆ ಸಾಮಾನ್ಯವಾಗಿ ಇಳಿಜಾರಾಗಿ ಹೋಗುತ್ತದೆ. ಇಲ್ಲಿ ಏಳು ನಿಮಿಷ ಹತ್ತು ಸೆಕೆಂಡಿನಲ್ಲಿ ಒಂದು ಗುಡ್ಡ ಎದ್ದಿತ್ತು. ಗುಡ್ಡ ಎಂದರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ, ಇಲ್ಲವೇ ನೇರ ಅಲ್ಲಿಗೇ ಹಾರಿ ಬಂದಿದ್ದಾರೆ. ಆ ಜಾಗ ತೆರೆದು ನೋಡಿದರೆ ಚಾಕು ಅದ್ದುವ ದೃಶ್ಯ. ಅಳತೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆಂಬುದು ಗೊತ್ತಿಲ್ಲ. ವಿಡಿಯೋದ ತಿರುಳು ಅಲ್ಲಿತ್ತು, ಶೀರ್ಷಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ. ಯಜಮಾನರಿಗೇ ಅಚ್ಚರಿ. ‘ಅದೊಂದು ವಿಷಯ ಅಂತ ನಾನು ಹೇಳಿದ್ದಲ್ಲ, ಅಭ್ಯಾಸಕ್ಕೆ ಮಾಡಿದ್ದು’ ಎಂದರು.

ಎಲೆಚುಕ್ಕೆ ಸೇರಿಸಬೇಕೇ?

ಹುಡುಕಾಟದ ಪಟ್ಟಿಯ ನಾಲ್ಕನೇ ಸಾಲು ಅಳಿಯನ ಕಣ್ಣಿಗೆ ಬಿದ್ದಿತ್ತು. ‘ಅಣ್ಣ, ಎಲೆಚುಕ್ಕೆ ಅಂತಲೂ ಒಂದು ಪದ ಹಾಕಿಬಿಡಣ. ಈಗ ಎಲ್ಲರೂ ಅದನ್ನೇ ಹುಡುಕ್ತಿರೋದು.’

ಅವನ ಮಾತು ಸುಳ್ಳಲ್ಲ. ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗ ಮಲೆನಾಡನ್ನು ಹೆದರಿಸಿದೆ, ಹುಡುಕುವವರು ಲೆಕ್ಕವಿಲ್ಲದಷ್ಟು. ಆದರೆ ಕೊಳೆ ಬೇರೆ, ಎಲೆಚುಕ್ಕೆ ಬೇರೆ. ವಿಡಿಯೋದಲ್ಲಿ ಎಲೆಚುಕ್ಕೆಯ ಹೆಸರು ಒಮ್ಮೆಯೂ ಬರುವುದಿಲ್ಲ. ನಾನು ಯಜಮಾನರನ್ನು ಒಂದೇ ಪ್ರಶ್ನೆ ಕೇಳಿದೆ: ಎಲೆಚುಕ್ಕೆ ಬಂದ ತೋಟದವರು ಇದನ್ನು ಹನ್ನೊಂದು ನಿಮಿಷ ನೋಡಿದರೆ ಅವರಿಗೆ ಏನು ಸಿಗುತ್ತದೆ? ‘ಏನೂ ಇಲ್ಲ’ ಎಂದರು. ಪದ ಬಿದ್ದುಹೋಯಿತು.

ಅಂದಿನಿಂದ ನಾನು ಇದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಶೀರ್ಷಿಕೆಯ ಪ್ರತಿ ಪದಕ್ಕೂ ವಿಡಿಯೋದಲ್ಲಿ ಒಂದು ಜಾಗ ತೋರಿಸಬೇಕು, ನಿಮಿಷ ಸೆಕೆಂಡ್ ಸಮೇತ. ತೋರಿಸಲಾಗದಿದ್ದರೆ ಆ ಪದ ತೆಗೆಯಬೇಕು. ‘ಶಾಶ್ವತ’ಕ್ಕೆ ಜಾಗವಿಲ್ಲ. ‘100% ರಿಸಲ್ಟ್’ಗೆ ಜಾಗವಿಲ್ಲ. ‘ಒಂದು ಔಷಧಿ ಸಾಕು’ ಎಂದು ಯಜಮಾನರು ಹೇಳಿಲ್ಲ. ‘ಪರಿಹಾರ’ದ ಬಗ್ಗೆ ಸ್ವಲ್ಪ ಜಗ್ಗಾಟವಾಯಿತು. ಪರಿಹಾರ ಎಂದರೆ ಬಂದದ್ದನ್ನು ಗುಣಪಡಿಸುವುದು ಎಂದೇ ಕಿವಿಗೆ ಬೀಳುತ್ತದೆ, ಇಲ್ಲಿ ಇರುವುದು ಬಾರದಂತೆ ನೋಡಿಕೊಳ್ಳುವ ಕೆಲಸ. ಅದೂ ಹೋಯಿತು.

ಹೀಗೆ ಉಳಿದ ಪದಗಳನ್ನು ಜೋಡಿಸಿದಾಗ ಬಂದದ್ದು:

> ಅಡಿಕೆ ಕೊಳೆಗೆ ಬೋರ್ಡೋ: 100 ಲೀಟರಿಗೆ ಮೈಲುತುತ್ತ-ಸುಣ್ಣ ಅಳತೆ, ಚಾಕು ಪರೀಕ್ಷೆ | ಮಳೆಗೆ ಮುಂಚೆ

ಉದ್ದದ ಬಗ್ಗೆ ಒಂದು ಮಾತು. ಶೀರ್ಷಿಕೆಗೆ ನೂರು ಕ್ಯಾರೆಕ್ಟರಿನ ಮಿತಿ ಇದೆ. ಕನ್ನಡದಲ್ಲಿ ಅದು ಕಂಡಷ್ಟು ದೊಡ್ಡದಲ್ಲ. ಕಾಗುಣಿತದ ಗುರುತು, ಒತ್ತಕ್ಷರದ ಕೊಂಡಿ ಎಲ್ಲವೂ ಒಂದೊಂದಾಗಿ ಎಣಿಕೆಗೆ ಬರುತ್ತವೆ. ‘ಮಿಶ್ರಣ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಎಣಿಕೆಯಲ್ಲಿ ಆರು. ನಮ್ಮ ಶೀರ್ಷಿಕೆ ಎಂಬತ್ತರ ಆಸುಪಾಸಿಗೆ ಬಂದಿತ್ತು. ಆದರೆ ಮಿತಿಯೊಳಗಿದ್ದ ಮಾತ್ರಕ್ಕೆ ಎಲ್ಲವೂ ಕಾಣುತ್ತದೆ ಎಂದಲ್ಲ. ಫೋನಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು ಕಂಡು ಮಿಕ್ಕದ್ದು ಚುಕ್ಕಿಯಾಗುತ್ತದೆ. ಅಳಿಯನ ಫೋನಿನಲ್ಲಿ ‘ಚಾಕು ಪರೀಕ್ಷೆ’ವರೆಗೂ ಕಂಡಿತು. ಯಜಮಾನರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರು, ಅಲ್ಲಿ ‘ಸುಣ್ಣ’ಕ್ಕೇ ಕತ್ತರಿಸಿತು. ನೋಡುವವರಲ್ಲಿ ಹೆಚ್ಚಿನವರು ಯಜಮಾನರ ವಯಸ್ಸಿನವರು. ಹಾಗಾಗಿ ಬೆಳೆ, ರೋಗ, ಔಷಧಿ ಮೂರೂ ಮೊದಲ ಸಾಲಿನಲ್ಲೇ ಮುಗಿಯುವಂತೆ ಇಟ್ಟದ್ದು ಸರಿಯೆನಿಸಿತು. ಕತ್ತರಿಸಿ ಹೋಗುವ ‘ಚಾಕು ಪರೀಕ್ಷೆ’ಯನ್ನು ಥಂಬ್‌ನೇಲಿಗೆ ಕೊಟ್ಟೆವು. ಬಾಯಿ ತೆರೆದ ಮುಖ, ಕೆಂಪು ಬಾಣ ತೆಗೆದು, ಕೆಂಪು ಕೂತ ಚಾಕುವಿನ ಹತ್ತಿರದ ಚಿತ್ರ ಹಾಕಿ ‘ಹೀಗಾದರೆ ಸುಣ್ಣ ಸಾಲದು’ ಎಂದು ಮೂರೇ ಪದ ಬರೆದೆವು. ಆ ಮೂರು ಪದದ್ದು ಅಳಿಯನ ಐಡಿಯಾ, ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯದೂ ಅದೇ.

ವಿವರಣೆ, ಮತ್ತು ‘ಇಲ್ಲ’ ಎಂಬ ಸಾಲು

ವಿವರಣೆಗೆ ಐದು ಸಾವಿರ ಕ್ಯಾರೆಕ್ಟರಿನವರೆಗೆ ಜಾಗವಿದೆ, ಅದನ್ನೆಲ್ಲ ತುಂಬಬೇಕೆಂಬ ಕಟ್ಟುಪಾಡಿಲ್ಲ. ವಿಡಿಯೋ ಕೆಳಗೆ ತಾನಾಗಿ ಕಾಣುವುದು ಮೊದಲ ಒಂದೆರಡು ಸಾಲು. ಮಿಕ್ಕದ್ದಕ್ಕೆ ಒತ್ತಬೇಕು. ಆದ್ದರಿಂದ ಉತ್ತರವನ್ನೇ ಮೇಲಿಟ್ಟೆವು. ಪದಗಳ ರಾಶಿ ಪೂರ್ತಿ ಅಳಿಸಿ ಹೀಗೆ ಬರೆದೆವು:

> 100 ಲೀಟರ್ ಬೋರ್ಡೋ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. 200 ಲೀಟರ್ ಡ್ರಮ್ಮಿಗೆ ಎರಡೂ 2 ಕಿಲೋ.
> ಇದು ಅಡಿಕೆಗೆ ಕೊಳೆ ರೋಗ ಬರುವ ಮೊದಲು ಹೊಡೆಯುವ ಔಷಧಿ. ಕೊಳೆ ಬಂದು ಕಾಯಿ ಉದುರುತ್ತಿರುವ ತೋಟಕ್ಕೆ ಏನು ಮಾಡಬೇಕೆಂಬುದು ಈ ವಿಡಿಯೋದಲ್ಲಿ ಇಲ್ಲ. ಎಲೆಚುಕ್ಕೆ, ಹಳದಿ ಎಲೆ ರೋಗದ ಬಗ್ಗೆಯೂ ಇದರಲ್ಲಿ ಹೇಳಿಲ್ಲ.
> 00:00 ಏನೇನು ಬೇಕು
> 02:03 ಸುಣ್ಣ ಕಲಸಿ ಸೋಸುವುದು
> 04:18 ಮೈಲುತುತ್ತ ಕರಗಿಸುವುದು
> 05:43 ಯಾವುದಕ್ಕೆ ಯಾವುದನ್ನು ಸುರಿಯಬೇಕು
> 07:10 ಚಾಕು ಪರೀಕ್ಷೆ
> 08:50 200 ಲೀಟರಿನ ಲೆಕ್ಕ
> Adike kole roga ge bordo mixture madodu hege

‘ಇಲ್ಲ’ ಎಂಬ ಸಾಲಿಗೆ ಅಳಿಯ ಸುಮಾರು ಹೊತ್ತು ಒಪ್ಪಲಿಲ್ಲ. ಅಂಗಡಿ ಬಾಗಿಲಲ್ಲಿ ‘ಇಲ್ಲಿ ಸಕ್ಕರೆ ಇಲ್ಲ’ ಎಂದು ಬೋರ್ಡು ಹಾಕಿದ ಹಾಗೆ ಅಲ್ಲವೇ ಎಂಬುದು ಅವನ ವಾದ. ಯಜಮಾನರು ಉತ್ತರ ಕೊಟ್ಟರು: ‘ಸಕ್ಕರೆ ಅಂತ ಉಪ್ಪು ಕೊಟ್ಟೆ ಅಲ್ವಾ ಹದಿನೈದು ದಿನ? ಈಗ ಬೋರ್ಡು ಹಾಕು.’ ನನ್ನ ಕಾರಣ ಇನ್ನೂ ಸರಳವಾಗಿತ್ತು. ಅದೇ ಪ್ರಶ್ನೆಗೆ ಕಾಮೆಂಟಿನಲ್ಲಿ ಇಪ್ಪತ್ತು ಸಲ ಉತ್ತರಿಸುವುದಕ್ಕಿಂತ ಮೇಲೆ ಒಮ್ಮೆ ಬರೆಯುವುದು ಸುಲಭ. ಎಲೆಚುಕ್ಕೆಯ ಹೆಸರು ಹೀಗಾದರೂ ಒಳಬಂತಲ್ಲ ಎಂದು ನೀವು ನನ್ನನ್ನು ಕೆಣಕಬಹುದು. ಬಂತು, ಆದರೆ ‘ಹೇಳಿಲ್ಲ’ ಎಂಬುದರ ಜೊತೆಗೇ ಬಂತು. ಓದಿದವರಿಗೆ ಮೋಸವಿಲ್ಲ.

ಕೊನೆಯ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಿಗಾಗಿ. ಬಿಡಿ ಪದಗಳನ್ನು ಪೇರಿಸದೆ ಒಂದು ಪೂರ್ತಿ ವಾಕ್ಯವಾಗಿ, ಒಂದೇ ಸಲ ಬರೆದೆವು. ‘ಬೋರ್ಡೋ’ದ ಉಳಿದ ಸ್ಪೆಲಿಂಗುಗಳನ್ನು ಟ್ಯಾಗ್‌ನ ಜಾಗದಲ್ಲಿ ಹಾಕಿದೆವು. ಟ್ಯಾಗ್‌ನಿಂದ ಹೆಚ್ಚೇನೂ ಆಗುವುದಿಲ್ಲ, ತಪ್ಪಾಗಿ ಬರೆಯಲ್ಪಡುವ ಪದಗಳಿಗೆ ಮಾತ್ರ ಸ್ವಲ್ಪ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ನಮ್ಮದು ಸರಿಯಾಗಿ ಅಂಥದೇ ಪದ.

ಸಮಯದ ಪಟ್ಟಿಗೆ ಕೆಲವು ಷರತ್ತುಗಳಿವೆ. ಮೊದಲನೆಯದು 00:00 ಇರಬೇಕು, ಕನಿಷ್ಠ ಮೂರಿರಬೇಕು, ಕ್ರಮವಾಗಿ ಏರುತ್ತ ಹೋಗಬೇಕು, ಒಂದೊಂದು ಭಾಗ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಆಗ ವಿಡಿಯೋದ ಗೆರೆಯೇ ತುಂಡು ತುಂಡಾಗಿ ಕಾಣುತ್ತದೆ. ಇವೆಲ್ಲ ಸರಿಯಿದ್ದವು. ಆದರೂ ಇಲ್ಲಿ ಒಂದು ಎಡವಟ್ಟಾಯಿತು.

ಮೂವತ್ತೆಂಟು ಸೆಕೆಂಡು

ಹೊಸ ಶೀರ್ಷಿಕೆ ಹಾಕಿದ ವಾರದಲ್ಲಿ ಒತ್ತುವವರು ನೂರಕ್ಕೆ ಐದಾರರಂತೆ ಬಂದರು. ಮೂವತ್ತು ಸೆಕೆಂಡಿನ ಅಂಕಿ ಶೇಕಡಾ 62ರಲ್ಲಿ ನಿಂತುಬಿಟ್ಟಿತು. ಸರಿಯಾದವರೇ ಬರುತ್ತಿದ್ದರೆ ಇನ್ನೂ ಹೆಚ್ಚಬೇಕಿತ್ತು. ವಿಡಿಯೋದ ಶುರು ನೋಡಿದೆ. ಮೂವತ್ತೆಂಟು ಸೆಕೆಂಡು ತೋಟದ ಡ್ರೋನ್ ದೃಶ್ಯ, ಸಂಗೀತ, ಚಾನೆಲ್ಲಿನ ಲೋಗೋ. ಶೀರ್ಷಿಕೆ ಅಳತೆ ಹೇಳುತ್ತೇನೆ ಎನ್ನುತ್ತದೆ, ವಿಡಿಯೋ ತೋಟ ಸುತ್ತಿಸುತ್ತದೆ. ಇದನ್ನು ಶೀರ್ಷಿಕೆಯಿಂದ ಸರಿಪಡಿಸಲು ಆಗುವುದಿಲ್ಲ.

ಸ್ಟುಡಿಯೋದ ಎಡಿಟರಿನಲ್ಲೇ ಆ ಭಾಗ ಕತ್ತರಿಸಿದೆವು. ಇದಕ್ಕೂ ಮರು ಅಪ್‌ಲೋಡ್ ಬೇಕಿಲ್ಲ, ಲಿಂಕ್ ಅದೇ ಇರುತ್ತದೆ, ಪ್ರೊಸೆಸ್ ಆಗಲು ಮಾತ್ರ ಕೆಲವು ತಾಸು ಹಿಡಿಯಿತು. ಮರುದಿನ ಒಬ್ಬರು, ಚಾಕು ಪರೀಕ್ಷೆ ಅಂತ ಒತ್ತಿದರೆ ಅದು ಮುಗಿಯುವ ಹೊತ್ತಿಗೆ ಹೋಗುತ್ತದಲ್ಲ ಎಂದು ಕಾಮೆಂಟ್ ಹಾಕಿದ್ದರು. ವಿಡಿಯೋ ಮೂವತ್ತೆಂಟು ಸೆಕೆಂಡು ಹಿಂದೆ ಸರಿದಿತ್ತು, ವಿವರಣೆಯ ಸಮಯಗಳು ಹಳೆಯ ಜಾಗದಲ್ಲೇ ಕೂತಿದ್ದವು. 07:10 ಈಗ 06:32 ಆಗಬೇಕಿತ್ತು. ಎಲ್ಲವನ್ನೂ ಕೂತು ಕಳೆದು ಬರೆದೆವು. ಕತ್ತರಿಸುವುದಿದ್ದರೆ ಮೊದಲು ಕತ್ತರಿಸಿ ಆಮೇಲೆ ಸಮಯ ಬರೆಯಬೇಕು. ಮಾಡಿ ಕಲಿತದ್ದು.

ಕತ್ತರಿಸಿದ ಮೇಲೆ ಮೂವತ್ತು ಸೆಕೆಂಡಿನ ಅಂಕಿ ಶೇಕಡಾ 70ರ ಹತ್ತಿರ ಬಂತು. ಸರಾಸರಿ ನೋಡುವ ಸಮಯ ಎರಡೂವರೆ ನಿಮಿಷ ಇದ್ದದ್ದು ಐದು ನಿಮಿಷವಾಯಿತು. ಶೀರ್ಷಿಕೆ ಒಂದು ವಾರ, ಕತ್ತರಿ ಇನ್ನೊಂದು ವಾರ ಆದ್ದರಿಂದ ಯಾವುದರಿಂದ ಎಷ್ಟಾಯಿತು ಎಂದು ಸ್ವಲ್ಪ ಬಿಡಿಸಿ ಹೇಳಬಹುದು.

ಆದರೆ ಹುಡುಕಿ ಬಂದವರ ಸಂಖ್ಯೆ ಜೂನಿನಲ್ಲಿ ಮೂರು ಪಟ್ಟು ಏರಿದ್ದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಲು ಮನಸ್ಸಾಗುವುದಿಲ್ಲ. ಮುಂಗಾರು ಹಿಡಿದಿತ್ತು. ಯಾವ ಶೀರ್ಷಿಕೆ ಇದ್ದರೂ ಜೂನಿನಲ್ಲಿ ಬೋರ್ಡೋ ಹುಡುಕುವವರು ಹೆಚ್ಚುತ್ತಾರೆ. ನಾನು ನಂಬುವುದು ಮಳೆಯಿಂದ ಬದಲಾಗದ ಅಂಕಿಗಳನ್ನು, ಬಂದವರಲ್ಲಿ ಉಳಿದವರು ಎಷ್ಟು ಎಂಬುದನ್ನು. ವಾಟ್ಸಾಪ್ ಗ್ರೂಪುಗಳಿಂದ ಬಂದವರು ದೊಡ್ಡ ಪಾಲು. ಅವರು ಒತ್ತಿದ್ದು ಯೂಟ್ಯೂಬಿನ ಕ್ಲಿಕ್ ಪ್ರಮಾಣದ ಲೆಕ್ಕಕ್ಕೆ ಬರುವುದೇ ಇಲ್ಲ, ಏಕೆಂದರೆ ಥಂಬ್‌ನೇಲ್ ಯೂಟ್ಯೂಬಿನ ಒಳಗೆ ಕಂಡರೆ ಮಾತ್ರ ಆ ಎಣಿಕೆ. ಆದರೆ ವಾಟ್ಸಾಪಿನಲ್ಲಿ ಲಿಂಕ್ ಹಾಕಿದಾಗ ಕಾಣುವುದು ಇದೇ ಶೀರ್ಷಿಕೆ. ‘ಶಾಶ್ವತ ಪರಿಹಾರ’ವನ್ನು ಸೊಸೈಟಿಯ ಗ್ರೂಪಿಗೆ ಹಾಕಲು ಜನ ಹಿಂಜರಿದಿದ್ದರು, ‘100 ಲೀಟರಿಗೆ ಅಳತೆ’ಯನ್ನು ಹಿಂಜರಿಯದೆ ಹಾಕಿದರು. ಇದಕ್ಕೆ ನನ್ನ ಬಳಿ ಗ್ರಾಫ್ ಇಲ್ಲ, ಯಜಮಾನರಿಗೆ ಅವರದೇ ವಿಡಿಯೋ ಮೂರು ಗ್ರೂಪಿನಿಂದ ವಾಪಸ್ ಬಂದದ್ದೇ ಸಾಕ್ಷಿ.

ಒಟ್ಟು ವೀಕ್ಷಣೆ? ಮೊದಲ ಹತ್ತು ದಿನದ ಆ ಓಟ ಮತ್ತೆ ಬರಲಿಲ್ಲ. ದಿನಕ್ಕೆ ಅದರ ಅರ್ಧದಷ್ಟಿತ್ತು, ಆದರೆ ನಿಲ್ಲದೆ ನಡೆಯಿತು. ಅಳಿಯನಿಗೆ ಇದು ಇಂದಿಗೂ ಪೂರ್ತಿ ಸಮಾಧಾನವಿಲ್ಲ.

ಜುಲೈಯಲ್ಲಿ ಸುಳ್ಳಾದ ಎರಡು ಪದ

ಜುಲೈ ಮಧ್ಯದಲ್ಲಿ ಯಜಮಾನರೇ ಫೋನ್ ಮಾಡಿದರು. ಎರಡನೇ ಸಲ ಔಷಧಿ ಹೊಡೆಯುವ ಹೊತ್ತು. ‘ಮಳೆಗೆ ಮುಂಚೆ ಅಂತ ಬರೆದಿದೀರಲ್ಲ, ಈಗ ನೋಡಿದವರು ಕಾಲ ಮುಗೀತು ಅಂತ ಬಿಟ್ಟು ಹೋಗಲ್ವಾ?’ ಹೌದಲ್ಲ! ಮೇ ತಿಂಗಳಲ್ಲಿ ನಿಜವಾಗಿದ್ದ ಎರಡು ಪದ ಜುಲೈಯಲ್ಲಿ ದಾರಿ ತಪ್ಪಿಸುತ್ತಿದ್ದವು. ದ್ರಾವಣ ಮಾಡುವ ಕ್ರಮ ಎರಡು ಸಲಕ್ಕೂ ಒಂದೇ. ‘ಮಳೆಗೆ ಮುಂಚೆ’ ತೆಗೆದು ‘ರೋಗ ಬರುವ ಮೊದಲು’ ಎಂದು ಹಾಕಿದೆವು. ವಿವರಣೆಯಲ್ಲಿ ‘ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನದ ನಂತರ ಇನ್ನೊಂದು ಸಲ’ ಎಂದು ಒಂದು ಸಾಲು ಸೇರಿತು. ಇದೇ ನಾಲ್ಕನೇ ಶೀರ್ಷಿಕೆ, ಈಗಲೂ ಅದೇ ಇದೆ.

ಆಗಸ್ಟ್ ಕೊನೆಯಲ್ಲಿ ಹುಡುಕಾಟದ ಪಟ್ಟಿ ಮತ್ತೆ ತೆರೆದಾಗ ಹೊಸ ಸಾಲುಗಳು ಬಂದಿದ್ದವು. ಕಾಯಿ ಉದುರುವುದು, ಕೊಳೆ ಬಂದ ಮೇಲೆ ಏನು ಮಾಡುವುದು, ಅಂಥವು. ‘ಇಲ್ಲ’ ಎಂದು ಬರೆದಿದ್ದೆವಲ್ಲ, ಜನ ಅದನ್ನೇ ಕೇಳುತ್ತಿದ್ದರು. ಮಾವ ಅಳಿಯ ಸೇರಿ ಇನ್ನೊಂದು ವಿಡಿಯೋ ಮಾಡಿದರು. ಕೊಳೆತ ಗೊನೆ ತೆಗೆಯುವುದು, ಬಿದ್ದ ಕಾಯಿ ಆರಿಸಿ ತೋಟದಿಂದ ಹೊರಗೆ ಸಾಗಿಸುವುದು, ರೋಗ ಮರದಿಂದ ಮರಕ್ಕೆ ಹೋಗದಂತೆ ನೋಡಿಕೊಳ್ಳುವುದು. ಐದೇ ನಿಮಿಷದ್ದು. ಹಳೆಯ ವಿವರಣೆಯ ‘ಈ ವಿಡಿಯೋದಲ್ಲಿ ಇಲ್ಲ’ ಎಂಬ ಸಾಲಿನ ಪಕ್ಕಕ್ಕೆ ಈಗ ಅದರ ಲಿಂಕ್ ಕೂತಿದೆ.

ಹೊಸ ವಿಡಿಯೋದ ಶೀರ್ಷಿಕೆಯನ್ನು ಅಳಿಯ ನನಗೆ ಮೊದಲೇ ಕಳಿಸಿದ್ದ: ‘ಕೊಳೆ ಬಂದ ಅಡಿಕೆ ತೋಟ ಉಳಿಸಲು 3 ಕೆಲಸ’. ನಾನು ಸರಿಯಿದೆ ಎನ್ನುವಷ್ಟರಲ್ಲಿ ಇನ್ನೊಂದು ಮೆಸೇಜ್ ಬಂತು. ‘ಉಳಿಸಲು’ ಎಂಬ ಪದಕ್ಕೆ ವಿಡಿಯೋದಲ್ಲಿ ಎಲ್ಲಿ ಜಾಗ ಇದೆ ತೋರಿಸು ಎಂದು ಮಾವ ಕೇಳಿದರಂತೆ. ‘ಹರಡದಂತೆ’ ಎಂದು ಬದಲಿಸಿ ಹಾಕಿದ್ದ.